ಮಾಲು ಬರಲಿಲ್ಲ, ನಷ್ಟ ಯಾರ ಲೆಕ್ಕಕ್ಕೆ?

ದಾವಣಗೆರೆಯಲ್ಲಿ ಸಮವಸ್ತ್ರ ಹೊಲಿಯುವ ಒಂದು ಚಿಕ್ಕ ಘಟಕ ಇದೆ ಎಂದು ಇಟ್ಟುಕೊಳ್ಳಿ. ಅದರ ಮಾಲೀಕರು ಒಬ್ಬ ಸಗಟು ವ್ಯಾಪಾರಿಗೆ 3,000 ಮೀಟರ್ ಬಟ್ಟೆಗೆ ಆರ್ಡರ್ ಕೊಟ್ಟಿದ್ದಾರೆ. ದರ ಮೀಟರಿಗೆ 180 ರೂಪಾಯಿ, ಮೇ 10ಕ್ಕೆ ಮಾಲು ಕೈಸೇರಬೇಕು. ಜೂನ್ ಮೊದಲ ವಾರದಲ್ಲಿ ಒಂದು ಶಾಲೆಗೆ ಸಮವಸ್ತ್ರ ಒಪ್ಪಿಸಬೇಕಿದೆ. ಮೇ 10 ಬಂತು, ಬಟ್ಟೆ ಬರಲಿಲ್ಲ. ಆ ದಿನ ಅದೇ ಬಟ್ಟೆ ಪೇಟೆಯಲ್ಲಿ 200 ರೂಪಾಯಿಗೆ ಸಿಗುತ್ತಿತ್ತು. ಮಾಲೀಕರು ಸಿಟ್ಟಿನಲ್ಲಿ, ‘ಒಪ್ಪಿಕೊಂಡವನೇ ಕೊಡಲಿ’ ಎಂದು ಕಾದು ಕೂತರು. ಮೇ 28ರ ಹೊತ್ತಿಗೆ ದರ 230ಕ್ಕೆ ಏರಿತು. ಶಾಲೆಯವರು ಆರ್ಡರ್ ರದ್ದು ಮಾಡಿದರು, ಎರಡು ಲಕ್ಷ ರೂಪಾಯಿ ಲಾಭ ಕೈತಪ್ಪಿತು. ಈಗ ಅವರ ದಾವೆ ಮೂರೂವರೆ ಲಕ್ಷಕ್ಕೆ: ಮೀಟರಿಗೆ 50 ರೂಪಾಯಿಯಂತೆ ಒಂದೂವರೆ ಲಕ್ಷ, ಜೊತೆಗೆ ಶಾಲೆಯ ಎರಡು ಲಕ್ಷ.

ಅವರಿಗೆ ನ್ಯಾಯವಾಗಿ ಸಿಗಬಹುದಾದದ್ದು ಬಹುಮಟ್ಟಿಗೆ 60,000 ರೂಪಾಯಿ, ಮುಂಗಡ ಕೊಟ್ಟಿದ್ದರೆ ಅದು ವಾಪಸ್. ತಪ್ಪು ಪೂರ್ತಿ ವ್ಯಾಪಾರಿಯದೇ ಆಗಿದ್ದರೂ ಹೀಗೇ. ಏಕೆ ಎಂಬುದಕ್ಕೆ ಉತ್ತರ 1872ರ ಭಾರತೀಯ ಕರಾರು ಕಾಯ್ದೆಯ 73ನೇ ಕಲಮಿನಲ್ಲಿದೆ.

ಕರಾರು ಮುರಿದವನು ಎರಡು ಬಗೆಯ ನಷ್ಟವನ್ನು ತುಂಬಿಕೊಡಬೇಕು ಎನ್ನುತ್ತದೆ ಆ ಕಲಂ. ಒಂದು, ಅಂಥ ಕರಾರು ಮುರಿದಾಗ ಸಹಜವಾಗಿ ಆಗುವ ನಷ್ಟ. ಇನ್ನೊಂದು, ಕರಾರು ಮಾಡಿಕೊಳ್ಳುವಾಗಲೇ ಇಬ್ಬರಿಗೂ ಗೊತ್ತಿದ್ದ, ಆಗಬಹುದಾದ ನಷ್ಟ. ಇವೆರಡನ್ನೂ ದಾಟಿದ, ದೂರದ ಮತ್ತು ಪರೋಕ್ಷ ನಷ್ಟಕ್ಕೆ ಪರಿಹಾರವಿಲ್ಲ. ಈ ಗೆರೆ ಎಳೆದದ್ದು 1854ರಲ್ಲಿ ಇಂಗ್ಲೆಂಡಿನ ಹ್ಯಾಡ್ಲಿ ವಿರುದ್ಧ ಬ್ಯಾಕ್ಸೆಂಡೇಲ್ ಪ್ರಕರಣ. ಗ್ಲಾಸ್ಟರಿನ ಹಿಟ್ಟಿನ ಗಿರಣಿಯೊಂದರ ಯಂತ್ರದ ದಂಡ ಮುರಿದಿತ್ತು. ಮಾದರಿಗೆಂದು ಅದನ್ನು ಗ್ರೀನಿಚ್‌ಗೆ ಒಯ್ಯಬೇಕಿದ್ದ ಸಾಗಣೆದಾರರು ತಡಮಾಡಿದರು, ಗಿರಣಿ ನಿಂತೇ ಇತ್ತು. ಗಿರಣಿಯವರ ಬಳಿ ಬದಲಿ ದಂಡ ಇದ್ದೀತು ಎಂದು ಸಾಗಣೆದಾರ ಅಂದುಕೊಳ್ಳುವುದು ಸಹಜ, ಇದು ತಡವಾದರೆ ಗಿರಣಿಯೇ ನಿಲ್ಲುತ್ತದೆ ಎಂದು ಅವನು ಊಹಿಸಬೇಕಿರಲಿಲ್ಲ ಎಂದು ನ್ಯಾಯಾಲಯ ಲಾಭನಷ್ಟದ ಬೇಡಿಕೆಯನ್ನು ಒಪ್ಪಲಿಲ್ಲ.

ನಮ್ಮ ಕಾಯ್ದೆಯ ಸೊಗಸು ಅದರ ಉದಾಹರಣೆಗಳಲ್ಲಿದೆ. 73ನೇ ಕಲಮಿನ ಕೆಳಗೆ ಕಬ್ಬಿಣದ ವ್ಯಾಪಾರದ್ದೊಂದು ಬರುತ್ತದೆ. ಒಬ್ಬನು 1,000 ಟನ್ ಕಬ್ಬಿಣವನ್ನು ಟನ್ನಿಗೆ 100 ರೂಪಾಯಿಯಂತೆ ಕೊಡುತ್ತೇನೆಂದು ಒಪ್ಪಿ, ಅದಕ್ಕಾಗಿ ಮತ್ತೊಬ್ಬನಿಂದ 80 ರೂಪಾಯಿಗೆ ಕೊಳ್ಳುತ್ತಾನೆ. ‘ಇಂಥವರಿಗೆ ಕೊಡಬೇಕಾದ ಮಾಲಿಗಾಗಿಯೇ ಕೊಳ್ಳುತ್ತಿದ್ದೇನೆ’ ಎಂದು ಹೇಳಿಯೇ ಕೊಳ್ಳುತ್ತಾನೆ. ಮಾರುವವನು ಕೈಕೊಡುತ್ತಾನೆ, ಬೇರೆಲ್ಲೂ ಕಬ್ಬಿಣ ಸಿಗುವುದಿಲ್ಲ, ಗಿರಾಕಿ ಕರಾರು ರದ್ದು ಮಾಡುತ್ತಾನೆ. ಕೈತಪ್ಪಿದ ಲಾಭ 20,000 ರೂಪಾಯಿಯನ್ನು ಮಾರುವವನೇ ಕೊಡಬೇಕು. ಅದರ ಬೆನ್ನಿಗೇ ಯಂತ್ರದ ಉದಾಹರಣೆ ಇದೆ. ಯಂತ್ರ ಒದಗಿಸುವುದಾಗಿ ಒಪ್ಪಿದವನು ಒದಗಿಸುವುದಿಲ್ಲ. ಕೊಳ್ಳುವವನು ಹೆಚ್ಚು ಹಣ ತೆತ್ತು ಬೇರೆ ಯಂತ್ರ ತರುತ್ತಾನೆ, ಅಷ್ಟರಲ್ಲಿ ಮೂರನೆಯವನೊಡನೆ ಮಾಡಿಕೊಂಡಿದ್ದ ಕರಾರು ತಪ್ಪಿ ಅವನಿಗೂ ದಂಡ ತೆರಬೇಕಾಗುತ್ತದೆ. ಆದರೆ ಆ ಕರಾರಿನ ವಿಷಯ ಮೊದಲೇ ತಿಳಿಸಿರಲಿಲ್ಲ. ಆದ್ದರಿಂದ ಯಂತ್ರದ ಬೆಲೆಯ ವ್ಯತ್ಯಾಸ ಮಾತ್ರ ಸಿಗುತ್ತದೆ, ಮೂರನೆಯವನಿಗೆ ತೆತ್ತ ಹಣ ಸಿಗುವುದಿಲ್ಲ.

ನಮ್ಮ ಸಮವಸ್ತ್ರದವರು ಆರ್ಡರ್ ಕೊಡುವಾಗ ಬರೆದದ್ದು ‘3,000 ಮೀಟರ್, 180 ರೂಪಾಯಿ, ಮೇ 10ರೊಳಗೆ’ ಎಂದಷ್ಟೆ. ಹೊಲಿಯುವವರಿಗೆ ಬಟ್ಟೆ ಮಾರುವವನಿಗೆ ಅವರು ಹೊಲಿದು ಮಾರುತ್ತಾರೆಂಬುದು ಗೊತ್ತಿರುತ್ತದೆ, ನಿಜ. ಆದರೆ ಇಂಥದೇ ಶಾಲೆ, ಇಂಥದೇ ತಾರೀಖು, ತಪ್ಪಿದರೆ ಆರ್ಡರೇ ಹೋಗುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಮೇ 11ರಂದು ಫೋನಿನಲ್ಲಿ ಗೋಗರೆದು ಹೇಳಿದ್ದರೂ ಅದು ಲೆಕ್ಕಕ್ಕಿಲ್ಲ. ಕಾಯ್ದೆ ನೋಡುವುದು ಕರಾರಿನ ದಿನದ ತಿಳಿವಳಿಕೆಯನ್ನು. ದರ ಒಪ್ಪಿಕೊಳ್ಳುವಾಗ ಎಷ್ಟು ಹೊಣೆ ಹೊರುತ್ತಿದ್ದೇನೆಂದು ಮಾರುವವನಿಗೆ ಗೊತ್ತಿರಬೇಕು. ಗೊತ್ತಿದ್ದರೆ ಅವನು ಹೆಚ್ಚು ದರ ಕೇಳಬಹುದಿತ್ತು, ಅಥವಾ ಆರ್ಡರನ್ನೇ ಬಿಡಬಹುದಿತ್ತು. ನನಗೆ ಇದು ನ್ಯಾಯವೆಂದೇ ತೋರುತ್ತದೆ.

ಸರಿ, ಶಾಲೆಯ ವಿಷಯ ಆರ್ಡರಿನಲ್ಲೇ ಬರೆದಿದ್ದರೆ? ಆಗಲೂ ಎರಡು ಲಕ್ಷ ಸಿಗುವುದು ಕಷ್ಟ. 73ನೇ ಕಲಮಿನ ಕೊನೆಯ ವಿವರಣೆ ಅಡ್ಡ ಬರುತ್ತದೆ: ನಷ್ಟ ಲೆಕ್ಕಹಾಕುವಾಗ, ಕರಾರು ತಪ್ಪಿದ್ದರಿಂದ ಆದ ತೊಂದರೆಯನ್ನು ಸರಿಪಡಿಸಿಕೊಳ್ಳಲು ಏನು ದಾರಿ ಇತ್ತೆಂಬುದನ್ನೂ ಗಣನೆಗೆ ತೆಗೆದುಕೊಳ್ಳಬೇಕು. ಅದೇ ಬಟ್ಟೆ ಪೇಟೆಯಲ್ಲಿ ಸಿಗುತ್ತಿತ್ತು. ಮೇ 10ರ ಹೊತ್ತಿಗೇ 200 ರೂಪಾಯಿಗೆ ಕೊಂಡಿದ್ದರೆ ಹೊಲಿಯಲು ಮೂರು ವಾರ ಇತ್ತು, ಶಾಲೆಯ ಆರ್ಡರ್ ಉಳಿಯುತ್ತಿತ್ತು. ಹಾಗಾಗಿ ನಷ್ಟ ಮೀಟರಿಗೆ 20 ರೂಪಾಯಿ, ಒಟ್ಟು 60,000. ಅಲ್ಲಿಂದಾಚೆ ಏರಿದ 30 ರೂಪಾಯಿ ಕಾದು ಕೂತದ್ದರ ಫಲ.

ಹಾಗೆಂದು ಕೊಳ್ಳುವವನು ಊರೂರು ಅಲೆಯಬೇಕೆಂದಲ್ಲ. ವಿವೇಕವಿರುವ ವ್ಯಾಪಾರಿ ಮಾಡುವಷ್ಟು ಮಾಡಿದರೆ ಸಾಕು. ಬೇರೆ ಊರಿಂದ ಬಟ್ಟೆ ತರಿಸಲು 9,000 ರೂಪಾಯಿ ಲಾರಿ ಬಾಡಿಗೆ ಹೆಚ್ಚಾಗಿ ಬಿದ್ದಿದ್ದರೆ ಅದನ್ನೂ ಕೇಳಬಹುದು. ‘ಇನ್ನೊಂದು ವಾರ ಕೊಡಿ, ಖಂಡಿತ ಕಳಿಸುತ್ತೇನೆ’ ಎಂದು ವ್ಯಾಪಾರಿಯೇ ಬರೆದು, ಇವರು ಒಪ್ಪಿ ಕಾದಿದ್ದರೆ ಕಥೆ ಬೇರೆ. ಆಗ ಆ ವಾರದಲ್ಲಿ ದರ ಏರಿದ್ದರ ಭಾರ ವ್ಯಾಪಾರಿಯ ಮೇಲೆ ಬೀಳುತ್ತದೆ. ಅಂಥ ವಾಟ್ಸಾಪ್ ಸಂದೇಶವನ್ನು ಅಳಿಸಬಾರದು.

ಕೆಲವೊಮ್ಮೆ ತಪ್ಪಿದವನ ಬಳಿಯೇ ಮತ್ತೆ ಹೋಗಬೇಕಾಗುತ್ತದೆ. ಇದು ಅನೇಕರಿಗೆ ಜೀರ್ಣವಾಗದ ಮಾತು. 1919ರ ಪೇಜು ವಿರುದ್ಧ ಸಾಂಡರ್ಸ್ ಎಂಬ ಇಂಗ್ಲಿಷ್ ಪ್ರಕರಣದಲ್ಲಿ ರೇಷ್ಮೆ ಕೊಳ್ಳುವವರಿಗೆ ಸಾಲದ ಸೌಲಭ್ಯವಿತ್ತು. ಅವರು ಒಂದು ಕಂತು ತಡಮಾಡಿದರೆಂದು ಮಾರುವವಳು ಸಾಲ ನಿಲ್ಲಿಸಿ, ‘ನಗದು ಕೊಟ್ಟರೆ ಹಳೆಯ ದರಕ್ಕೇ ಕೊಡುತ್ತೇನೆ’ ಎಂದಳು. ಕರಾರು ಮುರಿದದ್ದು ಅವಳೇ. ಕೊಳ್ಳುವವರು ಒಪ್ಪದೆ, ಪೇಟೆ ದರ ಏರಿದ ಮೇಲೆ ಆ ವ್ಯತ್ಯಾಸಕ್ಕೆ ದಾವೆ ಹೂಡಿದರು. ನಗದು ಕೊಟ್ಟು ಕೊಂಡಿದ್ದರೆ ಆ ನಷ್ಟವೇ ಆಗುತ್ತಿರಲಿಲ್ಲ ಎಂದು ನ್ಯಾಯಾಲಯ ಅದನ್ನು ತಳ್ಳಿಹಾಕಿತು.

ಕಡೆಗೆ ದಾವೆ ನಿಲ್ಲುವುದು ಪುರಾವೆಯ ಮೇಲೆ. 1961ರ ಮುರಳೀಧರ ಚಿರಂಜೀಲಾಲ್ ವಿರುದ್ಧ ಹರಿಶ್ಚಂದ್ರ ದ್ವಾರಕಾದಾಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮಾಡಿದ್ದು ಇದೇ. 1947ರಲ್ಲಿ ಗಜಕ್ಕೆ ಒಂದು ರೂಪಾಯಿಯಂತೆ ಕ್ಯಾನ್ವಾಸ್ ಬಟ್ಟೆ ಮಾರುವ ಕರಾರು. ಮಾಲನ್ನು ಕಾನ್ಪುರದಿಂದ ಕಲ್ಕತ್ತಕ್ಕೆ ರೈಲಿನಲ್ಲಿ ಕಳಿಸಿ ರೈಲ್ವೆ ರಸೀದಿ ಕೊಡಬೇಕಿತ್ತು. ಮಾರುವವರು ಕೊಡಲಿಲ್ಲ. ಕೊಳ್ಳುವವರು ಕಲ್ಕತ್ತದ ಪೇಟೆ ದರ ಹಿಡಿದು ನಷ್ಟ ಲೆಕ್ಕ ಹಾಕಿದರು. ಮಾಲು ಕಲ್ಕತ್ತದಲ್ಲಿ ಮಾರಾಟಕ್ಕೇ ಹೋಗುತ್ತದೆ ಎಂಬುದು ಕರಾರಿನ ವೇಳೆ ಮಾರುವವರಿಗೆ ಗೊತ್ತಿತ್ತೆಂದು ಸಾಬೀತಾಗಲಿಲ್ಲ. ಹಾಗಾಗಿ ಬೇಕಾಗಿದ್ದದ್ದು ಕರಾರು ಮುರಿದ ದಿನದ ಕಾನ್ಪುರದ ದರ. ಕೊಳ್ಳುವವರು ಅದನ್ನೇ ರುಜುವಾತು ಮಾಡಿರಲಿಲ್ಲ. ಕರಾರು ಮುರಿದದ್ದು ನಿಜವಾದರೂ ಪರಿಹಾರ ಸಿಗಲಿಲ್ಲ.

ದಾವಣಗೆರೆಯವರೂ ಮೇ 10ರಂದು ಎರಡು ಮೂರು ಅಂಗಡಿಗಳಿಂದ ದರಪಟ್ಟಿ ಬರೆಸಿ ತರಬೇಕಿತ್ತು, ಬೇರೆ ಕಡೆ ಕೊಂಡಿದ್ದರೆ ಅದರ ಬಿಲ್ ಇಟ್ಟುಕೊಳ್ಳಬೇಕಿತ್ತು. ತಿಂಗಳುಗಳ ಮೇಲೆ ‘ಆಗ 200 ಇತ್ತು ಸ್ವಾಮಿ’ ಎಂದು ಬಾಯಿಮಾತಿನಲ್ಲಿ ಹೇಳಿದರೆ, ಬರಬೇಕಾದ 60,000 ಕೂಡ ಕೈಗೆ ಬರದೆ ಹೋಗಬಹುದು. ದಾವೆ ಹೂಡಲು ಕರಾರು ಮುರಿದ ದಿನದಿಂದ ಮೂರು ವರ್ಷ ಅವಕಾಶವಿದೆ, ಆದರೆ ಆ ದಿನದ ದರದ ಕಾಗದ ಸುಲಭವಾಗಿ ಸಿಗುವುದು ಆ ದಿನವೇ.