ಎಷ್ಟು ಜನರನ್ನು ಕೇಳಿದರು ಎನ್ನುವ ಮೊದಲು, ಯಾರನ್ನು ಕೇಳಿದರು?

ಮಹಿಳೆಯರಿಗೆ ಜಗತ್ತಿನಲ್ಲೇ ಅತ್ಯಂತ ಅಪಾಯಕಾರಿ ದೇಶ ಭಾರತ. 2018ರ ಜೂನ್ ಕೊನೆಯ ವಾರ ಪತ್ರಿಕೆಗಳಲ್ಲೂ ಟಿವಿಯಲ್ಲೂ ಈ ತಲೆಬರಹ ರಾರಾಜಿಸಿತು. ಯುದ್ಧದಲ್ಲಿ ನಲುಗುತ್ತಿದ್ದ ಅಫ್ಗಾನಿಸ್ತಾನಕ್ಕೆ ಎರಡನೇ ಸ್ಥಾನ, ಸಿರಿಯಾಕ್ಕೆ ಮೂರನೇ ಸ್ಥಾನ. ಸಮೀಕ್ಷೆ ನಡೆಸಿದ್ದು ಥಾಮ್ಸನ್ ರಾಯಿಟರ್ಸ್ ಫೌಂಡೇಷನ್. ಸರ್ಕಾರ ಇದನ್ನು ತಳ್ಳಿಹಾಕಿತು. ವಿರೋಧಿಸಿದವರಲ್ಲಿ ಹೆಚ್ಚಿನವರು ಹಿಡಿದದ್ದು ಒಂದೇ ಎಳೆ: 548 ಜನರನ್ನು ಕೇಳಿ ಇಷ್ಟು ದೊಡ್ಡ ದೇಶದ ಬಗ್ಗೆ ತೀರ್ಪು ಕೊಡುವುದೇ?

ಸಮೀಕ್ಷೆಯಲ್ಲಿ ಕೊರತೆ ಇದ್ದದ್ದು ನಿಜ. ಆದರೆ ಅದು 548ರಲ್ಲಿ ಇರಲಿಲ್ಲ. ಆ 548 ಮಂದಿ ಮಹಿಳಾ ವಿಷಯಗಳ ತಜ್ಞರು. ವಿಶ್ವಸಂಸ್ಥೆಯ 193 ಸದಸ್ಯ ರಾಷ್ಟ್ರಗಳಲ್ಲಿ ಮಹಿಳೆಯರಿಗೆ ಅತಿ ಅಪಾಯಕಾರಿಯಾದ ಐದನ್ನು ಹೆಸರಿಸಿ ಎಂದು ಅವರನ್ನು ಕೇಳಲಾಗಿತ್ತು. ಅಂದರೆ ಅಳೆದದ್ದು ಅಪಾಯವನ್ನಲ್ಲ, ಅಪಾಯದ ಬಗ್ಗೆ ತಜ್ಞರಿಗಿರುವ ಅಭಿಪ್ರಾಯವನ್ನು. 2011ರಲ್ಲಿ ಇದೇ ಸಂಸ್ಥೆಯ ಇಂಥದೇ ಸಮೀಕ್ಷೆಯಲ್ಲಿ ಭಾರತ ನಾಲ್ಕನೆಯದಾಗಿತ್ತು. ನಡುವೆ, 2012ರ ಡಿಸೆಂಬರ್‌ನಲ್ಲಿ, ದೆಹಲಿಯ ಬಸ್ಸಿನ ಅತ್ಯಾಚಾರ ಜಗತ್ತಿನಾದ್ಯಂತ ಸುದ್ದಿಯಾಯಿತು. ಸ್ಥಾನ ಬದಲಾದದ್ದು ಅಪರಾಧ ಹೆಚ್ಚಿದ್ದರಿಂದಲೋ, ಅಪರಾಧದ ಸುದ್ದಿ ಹೆಚ್ಚು ಕಿವಿಗಳಿಗೆ ತಲುಪಿದ್ದರಿಂದಲೋ? ಈ ವಿಧಾನದಿಂದ ಅದನ್ನು ಹೇಳಲು ಬರುವುದಿಲ್ಲ. 548ರ ಬದಲು 5,480 ತಜ್ಞರನ್ನು ಕೇಳಿದ್ದರೂ ಬರುತ್ತಿರಲಿಲ್ಲ. ಇದು ಅಭಿಪ್ರಾಯ ಆಧರಿಸಿದ್ದು ಎಂದು ಸಂಸ್ಥೆಯೇ ಹೇಳಿಕೊಂಡಿತ್ತು. ಅನೇಕ ತಲೆಬರಹಗಳಲ್ಲಿ ಆ ಮಾತೇ ಮಾಯವಾಯಿತು. (ಹಾಗೆಂದು ಇಲ್ಲಿ ಹೆಣ್ಣುಮಕ್ಕಳು ನಿಶ್ಚಿಂತರು ಎಂದು ಯಾರೂ ತೀರ್ಮಾನಿಸಬೇಕಿಲ್ಲ. ಅವರ ಸ್ಥಿತಿ ತಿಳಿಯಲು ಬೇರೆ ದಾಖಲೆಗಳಿವೆ.)

ತಪ್ಪು ಕಲ್ಪನೆ: ಹೆಚ್ಚು ಜನರನ್ನು ಕೇಳಿದಷ್ಟೂ ಫಲಿತಾಂಶ ಸತ್ಯಕ್ಕೆ ಹತ್ತಿರ

ಅಮೆರಿಕದ ‘ಲಿಟರರಿ ಡೈಜೆಸ್ಟ್’ ವಾರಪತ್ರಿಕೆಗೂ ಈ ನಂಬಿಕೆಯೇ ಇತ್ತು. 1932ರ ಅಧ್ಯಕ್ಷೀಯ ಚುನಾವಣೆಯಲ್ಲಿ ಅದರ ಅಂದಾಜು ಕೂದಲೆಳೆಯಷ್ಟೇ ತಪ್ಪಿತ್ತು. 1936ರಲ್ಲಿ ಅದು ಸುಮಾರು ಒಂದು ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. ತುಂಬಿ ವಾಪಸ್ ಬಂದದ್ದು 23 ಲಕ್ಷಕ್ಕೂ ಹೆಚ್ಚು. ಇಂದಿನ ಯಾವ ಚುನಾವಣಾ ಸಮೀಕ್ಷೆಯೂ ಆ ಸಂಖ್ಯೆಯ ಹತ್ತಿರ ಸುಳಿಯುವುದಿಲ್ಲ. ಎಣಿಸಿ ನೋಡಿದಾಗ ರಿಪಬ್ಲಿಕನ್ ಅಭ್ಯರ್ಥಿ ಆಲ್ಫ್ರೆಡ್ ಲ್ಯಾಂಡನ್‌ಗೆ ಶೇ 57, ರೂಸ್‌ವೆಲ್ಟ್‌ಗೆ ಶೇ 43.

ಮತ ಎಣಿಕೆಯ ದಿನ ರೂಸ್‌ವೆಲ್ಟ್‌ಗೆ ಸಿಕ್ಕಿದ್ದು ಸುಮಾರು ಶೇ 61. ಲ್ಯಾಂಡನ್ ಗೆದ್ದದ್ದು ಮೇನ್ ಮತ್ತು ವರ್ಮಾಂಟ್ ಎಂಬ ಎರಡು ಪುಟ್ಟ ರಾಜ್ಯಗಳನ್ನು ಮಾತ್ರ. ಎರಡು ವರ್ಷದೊಳಗೆ ಪತ್ರಿಕೆ ಮುಚ್ಚಿತು.

ಇದಕ್ಕೆ ಪಠ್ಯಪುಸ್ತಕಗಳು ಕೊಡುವ ಕಾರಣ ವಿಳಾಸ ಪಟ್ಟಿ. ಹೆಸರುಗಳನ್ನು ಹೆಚ್ಚಾಗಿ ತೆಗೆದದ್ದು ಟೆಲಿಫೋನ್ ಡೈರೆಕ್ಟರಿ ಮತ್ತು ಕಾರು ನೋಂದಣಿ ದಾಖಲೆಗಳಿಂದ. ಆರ್ಥಿಕ ಮಹಾಕುಸಿತದ ಆ ಕಾಲದಲ್ಲಿ ಫೋನು, ಕಾರು ಇದ್ದವರು ಉಳ್ಳವರು. ರೂಸ್‌ವೆಲ್ಟ್ ಬೆನ್ನಿಗಿದ್ದ ಅನೇಕ ಬಡವರು ಪಟ್ಟಿಯಲ್ಲೇ ಇರಲಿಲ್ಲ. ಇದು ನಿಜ, ಆದರೆ ಅರ್ಧ. ಇನ್ನರ್ಧವನ್ನು 1988ರಲ್ಲಿ ರಾಜ್ಯಶಾಸ್ತ್ರಜ್ಞ ಪೆವೆರಿಲ್ ಸ್ಕ್ವೈರ್ ತೋರಿಸಿದರು. 1937ರಲ್ಲಿ ನಡೆದ ಒಂದು ಗ್ಯಾಲಪ್ ಸಮೀಕ್ಷೆ, ನಿಮಗೆ ಡೈಜೆಸ್ಟ್ ಮತಚೀಟಿ ಬಂದಿತ್ತೇ, ತುಂಬಿ ಕಳಿಸಿದಿರಾ ಎಂದು ಜನರನ್ನು ಕೇಳಿತ್ತು. ಆ ಹಳೆಯ ಉತ್ತರಗಳನ್ನು ಜಾಲಾಡಿದಾಗ ಕಂಡದ್ದಿಷ್ಟು: ಚೀಟಿ ತಲುಪಿದವರೆಲ್ಲ ಉತ್ತರಿಸಿದ್ದರೆ ಅದೇ ಪಟ್ಟಿಯಿಂದಲೂ ರೂಸ್‌ವೆಲ್ಟ್ ಗೆಲುವು ಕಾಣಿಸುತ್ತಿತ್ತು. ರೂಸ್‌ವೆಲ್ಟ್ ಬೇಡ ಎನ್ನುವವರು ಉತ್ಸಾಹದಿಂದ ತುಂಬಿ ಕಳಿಸಿದ್ದರು, ಬೇಕು ಎನ್ನುವವರಲ್ಲಿ ಅನೇಕರು ಚೀಟಿಯನ್ನು ಮೂಲೆಗೆಸೆದಿದ್ದರು.

ಹಾಗಾಗಿ ಸಮೀಕ್ಷೆ ಕೈಗೆ ಬಂದಾಗ ಎರಡು ಸಂಖ್ಯೆ ಕೇಳಬೇಕು: ಎಷ್ಟು ಜನ ಉತ್ತರಿಸಿದರು, ಎಷ್ಟು ಜನರನ್ನು ಕೇಳಲಾಗಿತ್ತು. ಮೊದಲನೆಯದನ್ನು ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಎರಡನೆಯದನ್ನು ಕೆದಕಿ ತೆಗೆಯಬೇಕಾಗುತ್ತದೆ. ಟಿವಿ ಚಾನೆಲ್ಲಿನ ‘ನಿಮ್ಮ ಮತ ಹಾಕಿ’ ಪೋಲ್‌ನಲ್ಲಿ ಎರಡನೆಯ ಸಂಖ್ಯೆಯೇ ಇರುವುದಿಲ್ಲ. ಬಂದವರು ಬಂದರು, ಅಷ್ಟೆ. ಎರಡು ಲಕ್ಷ ಮತ ಬಿದ್ದರೂ ಅದನ್ನು ಸಮೀಕ್ಷೆ ಎಂದು ಅಚ್ಚು ಹಾಕಬಾರದು.

ತಪ್ಪು ಕಲ್ಪನೆ: ಸಾವಿರ ಜನ ಇಡೀ ರಾಜ್ಯದ ಮಾತು ಹೇಳಲಾರರು

ಇದು ಎದುರು ದಿಕ್ಕಿನ ತಪ್ಪು. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆ ಮನೆಯದೋ ಮದುವೆಯದೋ ಎಂಬುದು ಮುಖ್ಯವಲ್ಲ, ಎಲ್ಲ ಕಡೆ ಸಮನಾಗಿ ಕುದಿದಿದೆಯೇ ಎಂಬುದು ಮುಖ್ಯ. ಎಲ್ಲರಿಗೂ ಆಯ್ಕೆಯಾಗುವ ಸಮಾನ ಅವಕಾಶವಿರುವಂತೆ ಚೀಟಿ ಎತ್ತಿದ ಹಾಗೆ ಆರಿಸಿದ ಸಾವಿರ ಜನರ ಸಮೀಕ್ಷೆಯಲ್ಲಿ ತಪ್ಪಿನ ಅಂತರ ಅತ್ತಿತ್ತ ಸುಮಾರು ಶೇ 3. ಕೊಡಗಿಗೂ ಅಷ್ಟೇ, ಕರ್ನಾಟಕಕ್ಕೂ ಅಷ್ಟೇ. ಈ ಅಂತರವನ್ನು ಅರ್ಧಕ್ಕಿಳಿಸಬೇಕಾದರೆ ಜನರನ್ನು ನಾಲ್ಕು ಪಟ್ಟು ಮಾಡಬೇಕು.

ಕಷ್ಟ ಇರುವುದು ಆ ಚೀಟಿ ಎತ್ತುವುದರಲ್ಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಅದನ್ನು ಹೇಗೆ ಮಾಡುತ್ತದೆ ನೋಡಿ. ಮೊದಲು ಹಳ್ಳಿಗಳನ್ನು, ನಗರದ ಬ್ಲಾಕ್‌ಗಳನ್ನು ಆರಿಸುತ್ತಾರೆ. ಆರಿಸಿದ ಕಡೆ ಮನೆಮನೆಯನ್ನೂ ಪಟ್ಟಿ ಮಾಡಿ, ಆ ಪಟ್ಟಿಯಿಂದ 22 ಮನೆಗಳನ್ನು ತೆಗೆಯುತ್ತಾರೆ. ಆ 22ರಲ್ಲಿ ಒಂದಕ್ಕೆ ಬೀಗ ಹಾಕಿದ್ದರೆ ಪಕ್ಕದ ಮನೆಯವರನ್ನು ಕೇಳಿ ಲೆಕ್ಕ ತುಂಬಿಸುವಂತಿಲ್ಲ. ಬದಲಿ ಮನೆಗೆ ಅವಕಾಶವೇ ಇಲ್ಲ. ಇದು ಹಟ ಎನಿಸಬಹುದು, ಆದರೆ ಹಗಲು ಹೊತ್ತು ಬೀಗ ಹಾಕಿರುವ ಮನೆಯವರು ಎಷ್ಟೋ ಸಲ ಕೂಲಿಗೆ ಹೋದವರಾಗಿರುತ್ತಾರೆ. ಬಾಗಿಲು ತೆರೆದವರನ್ನಷ್ಟೇ ಕೇಳುತ್ತ ಹೋದರೆ ಕೂಲಿಕಾರರು ಸಮೀಕ್ಷೆಯಿಂದಲೇ ಜಾರಿಹೋಗುತ್ತಾರೆ.

ತಪ್ಪು ಕಲ್ಪನೆ: ‘ತಪ್ಪಿನ ಅಂತರ ಶೇ 3’ ಎಂದು ನಮೂದಿಸಿದ್ದರೆ ನಂಬಬಹುದು

ಆ ಶೇ 3 ಹೇಳುವುದು ಚೀಟಿ ಎತ್ತುವಾಗಿನ ಅದೃಷ್ಟದ ಏರುಪೇರನ್ನು ಮಾತ್ರ. ಪಟ್ಟಿ ತಪ್ಪಾಗಿದ್ದರೆ, ಪ್ರಶ್ನೆ ವಾಲಿದ್ದರೆ, ಉತ್ತರಿಸದವರು ಬೇರೆಯೇ ಮನಸ್ಸಿನವರಾಗಿದ್ದರೆ ಅದರ ಲೆಕ್ಕ ಅಲ್ಲಿಲ್ಲ. ಡೈಜೆಸ್ಟ್‌ನ 23 ಲಕ್ಷಕ್ಕೆ ಈ ಸೂತ್ರ ಹಚ್ಚಿದರೆ ಅಂತರ ಶೇ 0.1ಕ್ಕಿಂತ ಕಡಿಮೆ ಬರುತ್ತದೆ. ನಿಜವಾಗಿ ತಪ್ಪಿದ್ದು ಶೇಕಡಾವಾರಿನಲ್ಲಿ ಸುಮಾರು 18 ಅಂಕ.

ಇನ್ನೊಂದು ಜಾರುಬಂಡೆ ಒಳಗಿನ ಗುಂಪುಗಳು. ಒಂದು ಕಲ್ಪಿತ ಪ್ರಕಟಣೆ ತೆಗೆದುಕೊಳ್ಳೋಣ: ರಾಜ್ಯದ ಸಾವಿರ ಜನರ ಸಮೀಕ್ಷೆ, ‘ಮೈಸೂರಿನವರಲ್ಲಿ ಶೇ 58 ಮಂದಿ ಮನೆಯಿಂದಲೇ ಕೆಲಸ ಬಯಸುತ್ತಾರೆ, ಹುಬ್ಬಳ್ಳಿಯವರಲ್ಲಿ ಶೇ 47 ಮಾತ್ರ’. ಊರಿಗೊಂದು ತಲೆಬರಹ ಸಿಕ್ಕಿತೆಂದು ಡೆಸ್ಕ್‌ನಲ್ಲಿ ಖುಷಿ. ಕೋಷ್ಟಕ ತರಿಸಿ ನೋಡಿದರೆ ಆ ಸಾವಿರದಲ್ಲಿ ಮೈಸೂರಿನವರು 60, ಹುಬ್ಬಳ್ಳಿಯವರು 60. 60 ಜನರಿಗೆ ತಪ್ಪಿನ ಅಂತರ ಅತ್ತಿತ್ತ ಶೇ 13ರಷ್ಟು. ಎರಡೂ ಊರು ಒಂದೇ ಆಗಿರಬಹುದು, ಹುಬ್ಬಳ್ಳಿಯೇ ಮುಂದೆ ಇರಬಹುದು. ಇಲ್ಲಿ ಸುದ್ದಿಯೇ ಇಲ್ಲ. ಎರಡು ಪಕ್ಷಗಳಿಗೆ ಶೇ 42 ಮತ್ತು ಶೇ 39 ಎಂದು ಬಂದಾಗಲೂ ಹೀಗೆಯೇ: ಸಾವಿರ ಜನರ ಸಮೀಕ್ಷೆಯಲ್ಲಿ ಅದು ‘ಮುನ್ನಡೆ’ ಅಲ್ಲ, ಸಮಬಲ.

ತಪ್ಪು ಕಲ್ಪನೆ: ಪ್ರಾಯೋಜಕರು ಇದ್ದರೆ ಅಂಕಿ ಸುಳ್ಳು

ದುಡ್ಡು ಯಾರದ್ದು ಎಂದು ಕೇಳಬೇಕು, ಅನುಮಾನವೇ ಇಲ್ಲ. ಆದರೆ ಕಂಪನಿಯ ಸಮೀಕ್ಷೆ ಎಂದರೆ ಕೂತು ಬರೆದ ಅಂಕಿ ಎಂದುಕೊಂಡರೆ ನಿಜವಾದ ಕೈಚಳಕ ಕಣ್ತಪ್ಪುತ್ತದೆ. ಬ್ರಿಟನ್ನಿನಲ್ಲಿ ಕೋಲ್ಗೇಟ್, ಶೇ 80ಕ್ಕಿಂತ ಹೆಚ್ಚು ದಂತವೈದ್ಯರು ತನ್ನ ಪೇಸ್ಟ್ ಶಿಫಾರಸು ಮಾಡುತ್ತಾರೆ ಎಂದು ಜಾಹೀರಾತು ಕೊಟ್ಟಿತ್ತು. ದಂತವೈದ್ಯರಿಗೆ ಫೋನ್ ಮಾಡಿ ಕೇಳಿದ್ದೂ, ಅವರು ಹಾಗೆ ಹೇಳಿದ್ದೂ ಹೌದು. ಆದರೆ ಒಬ್ಬ ವೈದ್ಯರು ಎಷ್ಟು ಬ್ರ್ಯಾಂಡ್ ಬೇಕಾದರೂ ಹೆಸರಿಸಬಹುದಿತ್ತು, ಮತ್ತೊಂದು ಕಂಪನಿಯ ಪೇಸ್ಟಿಗೂ ಹೆಚ್ಚುಕಡಿಮೆ ಅಷ್ಟೇ ಶಿಫಾರಸು ಸಿಕ್ಕಿತ್ತು. ಓದಿದವರಿಗೆ ಅನಿಸುವುದೇನು? ಐವರಲ್ಲಿ ನಾಲ್ವರು ಬೇರೆ ಪೇಸ್ಟ್ ಬಿಟ್ಟು ಇದನ್ನೇ ಹೇಳುತ್ತಾರೆ ಎಂದು. 2007ರ ಜನವರಿಯಲ್ಲಿ ಅಲ್ಲಿನ ಜಾಹೀರಾತು ನಿಯಂತ್ರಣ ಸಂಸ್ಥೆ ಇದು ದಾರಿತಪ್ಪಿಸುತ್ತದೆ ಎಂದು ಆ ಜಾಹೀರಾತು ಬಳಸದಂತೆ ಹೇಳಿತು.

ಇಲ್ಲಿ ಸುಳ್ಳು ಅಂಕಿ ಒಂದೂ ಇಲ್ಲ. ಪ್ರಾಯೋಜಕರ ಕೈ ಕೆಲಸ ಮಾಡುವುದು ಪ್ರಶ್ನೆ ಕಟ್ಟುವಾಗ, ಮತ್ತು ಬಂದ ಉತ್ತರಗಳಲ್ಲಿ ಯಾವುದನ್ನು ಹೊರಗಿಡಬೇಕು ಎಂದು ಆರಿಸುವಾಗ. 20 ಪ್ರಶ್ನೆ ಕೇಳಿ ಮೂರರ ಉತ್ತರ ಮಾತ್ರ ಪ್ರಕಟಣೆಗೆ ಬಂದಿದ್ದರೆ ಉಳಿದ 17 ಎಲ್ಲಿ? ಆದ್ದರಿಂದ ವರದಿಗಾರರು ತರಿಸಿಕೊಳ್ಳಬೇಕಾದ್ದು ಪೂರ್ತಿ ಪ್ರಶ್ನಾವಳಿ: ಪ್ರಶ್ನೆಯ ಪದಗಳು, ಅವುಗಳ ಕ್ರಮ, ಕೊಟ್ಟಿದ್ದ ಆಯ್ಕೆಗಳು. ‘ಒಪ್ಪುತ್ತೀರಾ?’ ಎಂದು ಕೇಳಿ ‘ಇಲ್ಲ’ಕ್ಕೆ ಜಾಗವೇ ಕೊಡದ ಪ್ರಶ್ನಾವಳಿಗಳೂ ಉಂಟು. ಸಮೀಕ್ಷೆ ನಡೆಸಿದ ಏಜೆನ್ಸಿಯ ಹೆಸರು ದೊಡ್ಡದು ಎಂಬುದು ಇದಕ್ಕೆ ಉತ್ತರವಲ್ಲ. ಪ್ರಶ್ನೆ ಎಷ್ಟೋ ಸಲ ದುಡ್ಡು ಕೊಟ್ಟವರ ಕಡೆಯಿಂದಲೇ ಬಂದಿರುತ್ತದೆ.

ತಪ್ಪು ಕಲ್ಪನೆ: ಇವೆಲ್ಲ ಕಾಪಿಯ ಕೊನೆಗೆ ಒಂದು ಸಾಲು ಸೇರಿಸಿದರೆ ಮುಗಿಯಿತು

ಚುನಾವಣಾ ಪೂರ್ವ ಸಮೀಕ್ಷೆಗಳ ಮಟ್ಟಿಗೆ ಭಾರತೀಯ ಪತ್ರಿಕಾ ಮಂಡಳಿಯ ಮಾರ್ಗಸೂಚಿ ಹೇಳುವುದು ಬೇರೆ: ಯಾರು ನಡೆಸಿದರು, ಯಾರು ಮಾಡಿಸಿದರು, ಮಾದರಿ ಎಷ್ಟು ದೊಡ್ಡದು, ಎಂಥದು, ಹೇಗೆ ಆರಿಸಿದರು, ತಪ್ಪಿನ ಅಂತರ ಎಷ್ಟು, ಇವೆಲ್ಲ ಓದುಗರ ಕಣ್ಣಿಗೆ ಬೀಳುವಂತೆ ಮೊದಲೇ ಇರಬೇಕು. ಮಾರುಕಟ್ಟೆ ಸಮೀಕ್ಷೆಗಳಿಗೂ ಇದನ್ನೇ ಅನ್ವಯಿಸಲು ಯಾರ ಅಪ್ಪಣೆಯೂ ಬೇಕಿಲ್ಲ.

ಹಾಗೆ ಮಾಡಿದರೆ ವಾಕ್ಯವೇ ಬದಲಾಗುತ್ತದೆ. ವಿಮೆ ಕಂಪನಿಯೊಂದು ಆನ್‌ಲೈನ್‌ನಲ್ಲಿ ನಾಲ್ಕು ಮಹಾನಗರಗಳ 800 ಜನರನ್ನು ಕೇಳಿಸಿದ್ದನ್ನು ಪ್ರಕಟಣೆ ‘ಶೇ 70 ಭಾರತೀಯರಿಗೆ ನಿವೃತ್ತಿಯ ಚಿಂತೆ’ ಎನ್ನುತ್ತದೆ ಎಂದುಕೊಳ್ಳಿ. ಬರೆಯಬಹುದಾದದ್ದು ಹೀಗೆ: ‘ನಿವೃತ್ತಿ ವಿಮೆ ಮಾರುವ ಕಂಪನಿಯೊಂದು ನಾಲ್ಕು ಮಹಾನಗರಗಳಲ್ಲಿ ಆನ್‌ಲೈನ್ ಮೂಲಕ ಮಾಡಿಸಿದ ಸಮೀಕ್ಷೆಗೆ ಉತ್ತರಿಸಿದ 800 ಜನರಲ್ಲಿ ಶೇ 70 ಮಂದಿ ನಿವೃತ್ತಿಯ ಚಿಂತೆ ಇದೆ ಎಂದಿದ್ದಾರೆ.’ ಇಷ್ಟು ಬರೆದ ಮೇಲೆ ಇದು ಮುಖಪುಟಕ್ಕೆ ಬೇಕೇ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬಹಳ ಸಲ ಉತ್ತರ, ಒಳಪುಟಕ್ಕೂ ಬೇಡ. ಪ್ರಶ್ನಾವಳಿ ಕಳಿಸಿ ಎಂದು ಫೋನ್ ಮಾಡಿದಾಗ ಅದು ಗೋಪ್ಯ ಎಂಬ ಉತ್ತರ ಬಂದರಂತೂ ಕಾಪಿ ಅಲ್ಲಿಗೇ ನಿಲ್ಲಬೇಕು.