ಊಟ ಮುಗಿಸಿ ಬಂದರೆ ಬಿಲ್ ಸೇವ್ ಆಗುವುದಿಲ್ಲ

"ಸಾರ್, ಬಿಲ್ಲಿಂಗ್ ಸಾಫ್ಟ್‌ವೇರ್ ಮತ್ತೆ ಕೈಕೊಟ್ಟಿದೆ. ತುಂಬಾ ಅರ್ಜೆಂಟ್, ದಯವಿಟ್ಟು ನೋಡಿ."

ಕಂಪನಿಯ ಹೆಲ್ಪ್‌ಡೆಸ್ಕ್‌ಗೆ ಇಂಥ ಇಮೇಲ್ ಬಂದರೆ ಮುಂದೇನಾಗುತ್ತದೆ ಎಂಬುದು ಆಫೀಸಿನಲ್ಲಿ ದುಡಿದವರಿಗೆಲ್ಲ ಗೊತ್ತು. ಅರ್ಧ ಗಂಟೆ ಬಿಟ್ಟು ಅಲ್ಲಿಂದ ಫೋನ್ ಬರುತ್ತದೆ. ಅಷ್ಟರಲ್ಲಿ ಸಾಫ್ಟ್‌ವೇರ್ ಸರಿಹೋಗಿರುತ್ತದೆ. "ಈಗ ಬರ್ತಿದೆಯಲ್ಲ ಮೇಡಂ?" ಎಂದು ಕೇಳಿ ಟಿಕೆಟ್ ಮುಚ್ಚುತ್ತಾರೆ. ಮಾರನೆಯ ದಿನ ಮತ್ತೆ ಅದೇ ರಾಮಾಯಣ.

ಹುಬ್ಬಳ್ಳಿಯ ಒಂದು ಶಾಖಾ ಕಚೇರಿಯನ್ನು ಕಲ್ಪಿಸಿಕೊಳ್ಳಿ. ಬಿಲ್ಲಿಂಗ್ ಸಾಫ್ಟ್‌ವೇರ್ ಓಡುವುದು ಇಲ್ಲಿ, ಅದರ ಒರಾಕಲ್ ಡೇಟಾಬೇಸ್ ಇರುವುದು ಬೆಂಗಳೂರಿನಲ್ಲಿ. ಲೆಕ್ಕ ವಿಭಾಗದ ಮೇಡಂ ಊಟ ಮುಗಿಸಿ ಬಂದು ಮೊದಲ ಬಿಲ್ ಹಾಕಿದರೆ ಪರದೆ ಸ್ವಲ್ಪ ಹೊತ್ತು ಹಾಗೇ ನಿಂತು, ಆಮೇಲೆ ಈ ಸಾಲು ತೋರಿಸುತ್ತದೆ:

```
ORA-03135: connection lost contact
```

ಎರಡು ಸಲ ಟಿಕೆಟ್ ಮುಚ್ಚಿಸಿಕೊಂಡ ಮೇಲೆ ಅವರು ಮೇಜಿನ ಕ್ಯಾಲೆಂಡರಿನ ಹಿಂಬದಿಯಲ್ಲಿ ಸಮಯ ಬರೆದಿಡತೊಡಗಿದರು. ಸೋಮವಾರ ಕೊನೆಯ ಬಿಲ್ 1:05ಕ್ಕೆ, ಊಟದ ನಂತರದ್ದು 2:20ಕ್ಕೆ: ದೋಷ. ಮಂಗಳವಾರವೂ ಹಾಗೆಯೇ. ಬುಧವಾರ ಆಡಿಟ್ ಗಡಿಬಿಡಿಯಲ್ಲಿ ಡಬ್ಬಿ ಬಿಚ್ಚಿದ್ದೂ ಮೇಜಿನ ಮೇಲೆಯೇ, ನಡುನಡುವೆ ಬಿಲ್ ಹಾಕಿದ್ದೂ ಆಯಿತು, ದೋಷವಿಲ್ಲ. ಗುರುವಾರ ಮಾತ್ರ ಬೆಳಿಗ್ಗೆ 10:30ಕ್ಕೆ ಮೀಟಿಂಗಿಗೆ ಎದ್ದು ಹೋಗಿ 11:50ಕ್ಕೆ ಮರಳಿದಾಗ ಅದೇ ದೋಷ. ಅಂದರೆ ತಪ್ಪು ಊಟದ್ದಲ್ಲ, ನಡುವಿನ ಬಿಡುವಿನದು.

ಅವರ ಮೂರನೆಯ ಇಮೇಲಿನ ವಿಷಯದ ಸಾಲು ಹೀಗಿತ್ತು: "ಬಿಲ್ಲಿಂಗ್: ಒಂದು ಗಂಟೆಗಿಂತ ಹೆಚ್ಚು ಬಿಟ್ಟು ಬಂದರೆ ಬಿಲ್ ಸೇವ್ ಆಗುವುದಿಲ್ಲ, 4 ದಿನದಲ್ಲಿ 3 ಸಲ." ಒಳಗೆ ದೋಷದ ಸಾಲನ್ನು ಅಕ್ಷರಕ್ಷರ ನಕಲು ಮಾಡಿ ಹಾಕಿದ್ದರು. ಸ್ಕ್ರೀನ್‌ಶಾಟ್ ಇದ್ದರೂ ಹೀಗೆ ಬರೆಯುವುದು ಒಳ್ಳೆಯದು, ಯಾಕೆಂದರೆ ಚಿತ್ರದೊಳಗಿನ ಅಕ್ಷರವನ್ನು ಲಾಗ್‌ನಲ್ಲಿ ಹುಡುಕಲು ಬರುವುದಿಲ್ಲ. ಕೆಳಗೆ ಹಂತಗಳು: ಬೆಳಿಗ್ಗೆ ಲಾಗಿನ್ ಆಗಿ ಬಿಲ್ ಹಾಕುತ್ತೇನೆ, ಪರದೆ ತೆರೆದಿಟ್ಟೇ ಎದ್ದು ಹೋಗುತ್ತೇನೆ, ಬಂದು ಹೊಸ ಬಿಲ್ ತುಂಬಿ ಸೇವ್ ಒತ್ತುತ್ತೇನೆ. ಜೊತೆಗೆ ಕ್ಯಾಲೆಂಡರಿನ ಆ ನಾಲ್ಕು ದಿನಗಳ ಸಮಯ, ನಿಮಿಷ ಸಮೇತ. ಸಾವಿರಾರು ಸಾಲುಗಳ ಲಾಗ್‌ನಲ್ಲಿ "ಮಧ್ಯಾಹ್ನದ ಹೊತ್ತಿಗೆ" ಎಂದು ಹುಡುಕುವುದು ಹೇಗೆ?

ಆದರೆ ಇಮೇಲಿನ ಜೀವಾಳ ಇದ್ದದ್ದು "ಈಗಾಗಲೇ ಮಾಡಿ ನೋಡಿದ್ದು" ಎಂಬ ಭಾಗದಲ್ಲಿ. ನೆಟ್‌ವರ್ಕ್ ಕೇಬಲ್ ಬದಲಿಸಿದರೂ ವ್ಯತ್ಯಾಸ ಕಾಣಲಿಲ್ಲ. ಪಕ್ಕದ ಮೇಜಿನ ಕಂಪ್ಯೂಟರಿನಲ್ಲೂ ಬಿಡುವಿನ ನಂತರ ಹೀಗೇ ಆಯಿತು. ಹಾಗಾದರೆ ತೊಂದರೆ ಇವರ ಕಂಪ್ಯೂಟರಿನದಲ್ಲ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಬೇಕಾಗಿಯೇ ಇಲ್ಲ, ಸಾಫ್ಟ್‌ವೇರ್ ಮುಚ್ಚಿ ಮತ್ತೆ ಲಾಗಿನ್ ಆದರೆ ಸಾಕು. ಹಾಗಾದರೆ ಡೇಟಾಬೇಸ್ ಎದ್ದೇ ಇದೆ, ಸತ್ತಿರುವುದು ಹಳೆಯ ಸಂಪರ್ಕ ಮಾತ್ರ. ಬರೀ "ಎಲ್ಲ ಮಾಡಿ ನೋಡಿದೆ" ಎಂದು ಬರೆದಿದ್ದರೆ ಈ ಯಾವ ಸುಳಿವೂ ಸಿಗುತ್ತಿರಲಿಲ್ಲ.

"ಫೈರ್‌ವಾಲ್ ಸರಿಯಿಲ್ಲ ಅನ್ನಿಸುತ್ತದೆ" ಎಂದಷ್ಟೇ ಬರೆದು ಕೈತೊಳೆದುಕೊಳ್ಳುವವರೂ ಇದ್ದಾರೆ. ಊಹೆ ಬರೆಯುವುದು ತಪ್ಪಲ್ಲ, ಕಂಡದ್ದನ್ನು ಬಿಟ್ಟು ಊಹೆಯನ್ನೇ ಬರೆಯುವುದು ತಪ್ಪು. ಸಿಸ್ಟಮ್ ವಿಭಾಗದವರು ನಿತ್ಯ ಬಳಸುವ ಪುಟ್ಟಿ ತಂತ್ರಾಂಶವನ್ನು ಬರೆದ ಸೈಮನ್ ಟ್ಯಾಥಮ್, ದೋಷ ವರದಿ ಮಾಡುವ ಬಗೆಯ ಕುರಿತ ತಮ್ಮ 1999ರ ಬರಹದಲ್ಲಿ ಒತ್ತಿ ಹೇಳಿದ್ದೂ ಇದನ್ನೇ. ಹೊಟ್ಟೆ ನೋವು ಎಲ್ಲಿ, ಯಾವಾಗ ಎಂದು ಹೇಳದೆ ಔಷಧಿಯ ಹೆಸರು ಹೇಳುವ ರೋಗಿಯಿಂದ ಡಾಕ್ಟರಿಗೆ ಏನು ಉಪಯೋಗ?

ಈ ಪ್ರಕರಣದಲ್ಲಿ ಫೈರ್‌ವಾಲ್ ಕೈವಾಡ ಇದ್ದದ್ದು ನಿಜ, ಆದರೆ ಅದು ಕೆಟ್ಟಿರಲಿಲ್ಲ. ತನ್ನ ಮೂಲಕ ಹಾದುಹೋಗುವ ಪ್ರತಿ ಸಂಪರ್ಕವನ್ನೂ ಅದು ಒಂದು ಪಟ್ಟಿಯಲ್ಲಿ ಬರೆದಿಟ್ಟುಕೊಳ್ಳುತ್ತದೆ. ಬಹಳ ಹೊತ್ತು ಮಾತುಕತೆ ನಡೆಯದ ಸಂಪರ್ಕವನ್ನು ಪಟ್ಟಿಯಿಂದ ಅಳಿಸುತ್ತದೆ. ಕೆಲವು ಫೈರ್‌ವಾಲ್‌ಗಳಲ್ಲಿ ಈ ಗಡುವು ಕಂಪನಿಯಿಂದ ಬರುವಾಗಲೇ 1 ಗಂಟೆ ಇರುತ್ತದೆ. ಅಳಿಸಿದ್ದನ್ನು ಎರಡೂ ತುದಿಗೆ ಹೇಳುವುದಿಲ್ಲ. ಸಂಪರ್ಕ ಜೀವಂತವಿದೆಯೇ ಎಂದು ಕಂಪ್ಯೂಟರುಗಳೇ ಪರೀಕ್ಷಿಸಬಹುದು, ಆದರೆ ವಿಂಡೋಸ್ ಮತ್ತು ಲಿನಕ್ಸ್‌ನಲ್ಲಿ ಅದರ ಸಾಮಾನ್ಯ ಅವಧಿ 2 ಗಂಟೆ. ಅಷ್ಟರಲ್ಲಿ ಮೇಡಂ ಊಟ ಮುಗಿಸಿ ಬಂದಾಗಿರುತ್ತದೆ!

ಹೆಲ್ಪ್‌ಡೆಸ್ಕ್ ಈ ಇಮೇಲನ್ನು ನೇರವಾಗಿ ಡೇಟಾಬೇಸ್ ವಿಭಾಗಕ್ಕೆ ಕಳಿಸಿತು. ಅವರು ಸರ್ವರಿನ sqlnet.ora ಕಡತಕ್ಕೆ ಸೇರಿಸಿದ್ದು ಒಂದೇ ಸಾಲು:

```
SQLNET.EXPIRE_TIME=10
```

ಇದರಿಂದ ಡೇಟಾಬೇಸ್ 10 ನಿಮಿಷಕ್ಕೊಮ್ಮೆ ಸಂಪರ್ಕವನ್ನು ತಟ್ಟಿ ನೋಡುತ್ತದೆ, ಫೈರ್‌ವಾಲ್ ಕಣ್ಣಿಗೆ ಅದು ಮಾತುಕತೆಯಂತೆಯೇ ಕಾಣುತ್ತದೆ. ಆದರೆ ಹೊಸ ಸಾಲು ಅನ್ವಯಿಸುವುದು ಹೊಸದಾಗಿ ಲಾಗಿನ್ ಆದವರಿಗೆ ಮಾತ್ರ. ಹಾಗಾಗಿ ಎಲ್ಲರೂ ಒಮ್ಮೆ ಹೊರಬಂದು ಒಳಹೋಗಬೇಕಾಯಿತು.

ಮರುದಿನ ಮೇಡಂ 1:05ಕ್ಕೆ ಊಟಕ್ಕೆ ಎದ್ದು 2:20ಕ್ಕೆ ಬಂದು ಸೇವ್ ಒತ್ತಿದರು. ಬಿಲ್ ಉಳಿಯಿತು. ಇನ್ನೂ ಮೂರು ದಿನ ನೋಡಿಯೇ ಟಿಕೆಟ್ ಮುಚ್ಚಿ ಎಂದು ಅವರು ಅದೇ ಇಮೇಲಿಗೆ ಉತ್ತರ ಬರೆದರು.