ಮೇಷ್ಟ್ರ ಪತ್ರ ಪುಣೆ ತಲುಪುವ ಬಗೆ

ಹಾವೇರಿಯ ನಿವೃತ್ತ ಮೇಷ್ಟ್ರೊಬ್ಬರು ಪುಣೆಯಲ್ಲಿ ಕೆಲಸಕ್ಕಿರುವ ಹಳೆಯ ಶಿಷ್ಯನಿಗೆ ಪತ್ರ ಬರೆಯುತ್ತಾರೆ ಎಂದುಕೊಳ್ಳಿ. ಇನ್‌ಲ್ಯಾಂಡ್ ಲೆಟರಿನ ಬಲ ಮೂಲೆಯಲ್ಲಿ ಊರು, ತಾರೀಖು. ಕೆಳಗೆ 'ಚಿ.' ಸೇರಿಸಿ ಶಿಷ್ಯನ ಹೆಸರು, ಆಶೀರ್ವಾದ, ಆಮೇಲೆ 'ಉಭಯ ಕುಶಲೋಪರಿ'. ನಮ್ಮಲ್ಲಿ ಕಿರಿಯರಿಗೆ ಬರೆಯುವ ಕ್ರಮವೇ ಇದು. ಶಿಷ್ಯ ಉತ್ತರಿಸುವಾಗ 'ತೀರ್ಥರೂಪ ಸಮಾನರಾದ' ಎಂದು ಆರಂಭಿಸಿ ನಮಸ್ಕಾರ ತಿಳಿಸುತ್ತಾನೆ. ಈ ಒಕ್ಕಣೆ ಹಳೆಯದಾಯಿತೆಂದು ಬಿಡುವವರಿದ್ದಾರೆ. ನನಗಂತೂ ಅದರಲ್ಲಿ ಇಬ್ಬರ ಸಂಬಂಧವೇ ಕಾಣುತ್ತದೆ.

ಒಳಗಿನ ಮಾತು ಕನ್ನಡದಲ್ಲಿರಲಿ, ವಿಳಾಸ ಮಾತ್ರ ಹಾಗಲ್ಲ. ಪುಣೆಯ ಅಂಚೆಯಣ್ಣನಿಗೆ ಕನ್ನಡ ಓದಲು ಬಾರದಿದ್ದರೆ ಪತ್ರ ಅಲ್ಲೇ ತಡೆಯುತ್ತದೆ. ಆದ್ದರಿಂದ ಇಂಗ್ಲಿಷ್ ಅಥವಾ ದೇವನಾಗರಿಯಲ್ಲಿ ಬರೆಯಬೇಕು. ಬಾಡಿಗೆ ಮನೆಯಾದರೆ ಕೇರಾಫ್ ಎಂದು ಮನೆಯೊಡೆಯರ ಹೆಸರು ಹಾಕುವುದು ಒಳ್ಳೆಯದು.

1972ರಲ್ಲಿ ಬಂದ ಆರಂಕಿಯ ಪಿನ್ ಕೋಡ್ ಇಲ್ಲಿ ತುಂಬ ನೆರವಾಗುತ್ತದೆ. ಮೊದಲ ಅಂಕಿ 4 ಮಹಾರಾಷ್ಟ್ರವಿರುವ ವಲಯಕ್ಕೆ, 5 ಕರ್ನಾಟಕವಿರುವ ವಲಯಕ್ಕೆ. 411 ಎಂದರೆ ಪುಣೆ. ಕೊನೆಯ ಮೂರಂಕಿ ಬಟವಾಡೆಯ ಅಂಚೆ ಕಚೇರಿಯನ್ನು ತಿಳಿಸುತ್ತದೆ. ಅದು ತಪ್ಪಿದರೆ ಪತ್ರ ಊರು ಸೇರಿಯೂ ಬೇರೆ ಬಡಾವಣೆಯ ಕಚೇರಿಗೆ ಹೋಗಿ ತಡವಾಗುತ್ತದೆ.

ಶಾಲೆಯ ಹಳೆಯ ಗ್ರೂಪ್ ಫೋಟೊ ಕಳಿಸುವ ಆಸೆ ಮೇಷ್ಟ್ರಿಗಿದ್ದರೆ ಇನ್‌ಲ್ಯಾಂಡ್ ಸಾಲದು, ಅದರೊಳಗೆ ಏನನ್ನೂ ಇಡುವಂತಿಲ್ಲ. ಅದಕ್ಕೆ ಲಕೋಟೆಯೇ ಬೇಕು. ಹಿಂಬದಿಯಲ್ಲಿ ತಮ್ಮ ವಿಳಾಸವನ್ನೂ ಬರೆಯಬೇಕು. ಶಿಷ್ಯ ಮನೆ ಬದಲಿಸಿದ್ದರೆ ಫೋಟೊ ಹಾವೇರಿಗೆ ಮರಳುವುದು ಆ ವಿಳಾಸದಿಂದಲೇ.